ಚಾರ್ಮಾಡಿ ಘಾಟಿಯಲ್ಲಿ ಮಗ ವಾಂತಿ ಮಾಡಿ ಹನ್ನೊಂದು ದಿನ ಆಯ್ತು, ಕಾರಿನ ವಾಸನೆ ಹೋಗುತ್ತಿಲ್ಲ

ಇಬ್ಬರು ಮಕ್ಕಳ ಅಪ್ಪ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು, ನಾಲ್ಕು ವರ್ಷದ ಮಗ ಒಂದು ದೊಡ್ಡ ಲೋಟ ಹಾಲು ಕುಡಿದ. ಘಾಟಿ ಇಳಿಯಲು ಶುರು ಮಾಡಿ ಹತ್ತು ತಿರುವು ದಾಟಿರಲಿಲ್ಲ, ಪೂರ್ತಿ ಹೊರಗೆ ಬಂತು. ಹಿಂದಿನ ಸೀಟು, ಬೆಲ್ಟು, ಕಾಲಿಡುವ ಜಾಗ, ಎಲ್ಲ ಕಡೆ. ಮಂಜು ಇತ್ತು, ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ. ಟಿಶ್ಯೂನಲ್ಲಿ ಒರೆಸಿ ಬಾಟಲಿ ನೀರು ಸುರಿದೆವು. ಉಜಿರೆ ತಲುಪುವ ತನಕ ಹಾಗೇ ಇತ್ತು.

ಊರಿಗೆ ಬಂದ ಮೇಲೆ ಒಂದು ವಾಶಿಂಗ್ ಸೆಂಟರ್‌ನಲ್ಲಿ ಇಂಟೀರಿಯರ್ ಕ್ಲೀನಿಂಗ್ ಮಾಡಿಸಿದೆ. ಶಾಂಪೂ ಹಾಕಿ ಉಜ್ಜಿ, ಕೊನೆಗೆ ಪರ್ಫ್ಯೂಮ್ ಹೊಡೆದು ಕೊಟ್ಟರು. ಎರಡು ದಿನ ಚೆನ್ನಾಗಿತ್ತು. ಆಮೇಲೆ ಆಫೀಸಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಸಂಜೆ ಬಾಗಿಲು ತೆಗೆದರೆ ಹುಳಿ ಮಜ್ಜಿಗೆ ಮತ್ತು ಹಳಸಿದ ತುಪ್ಪ ಸೇರಿದಂಥ ವಾಸನೆ. ಬೆಳಿಗ್ಗೆ ಅಷ್ಟಿಲ್ಲ, ಮಧ್ಯಾಹ್ನ ಜಾಸ್ತಿ. ಮಗ ಒಳಗೆ ಕೂತ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾನೆ. ಏನು ಮಾಡಲಿ?

ನಿಂಬೆ ಶುಂಠಿ

ಘಾಟಿ ಹತ್ತುವ ಮುಂಚೆ ಮಕ್ಕಳಿಗೆ ಹಾಲು ಕೊಡಲೇಬಾರದು ಅಣ್ಣ. ಹೊಟ್ಟೆ ತುಂಬಾ ತಿನ್ನಿಸಬೇಡಿ. ಒಣ ಬಿಸ್ಕತ್ತು ಒಂದೆರಡು ಸಾಕು. ನಾವು ಪ್ರತಿ ಸಲ ಶುಂಠಿ ಪೆಪ್ಪರ್ಮೆಂಟು ಮತ್ತು ನಿಂಬೆಹಣ್ಣು ಇಟ್ಟುಕೊಂಡೇ ಹೋಗುವುದು. ಫೋನಿನಲ್ಲಿ ವಿಡಿಯೋ ನೋಡಲು ಬಿಡಬೇಡಿ, ಮುಂದೆ ರಸ್ತೆ ನೋಡಲಿ.

ಇಬ್ಬರು ಮಕ್ಕಳ ಅಪ್ಪ

ಮುಂದಿನ ಸಲ ಹಾಗೇ ಮಾಡುತ್ತೇವೆ ಅಕ್ಕ. ಈಗ ಸದ್ಯಕ್ಕೆ ಈ ವಾಸನೆಗೆ ದಾರಿ ಬೇಕು.

ತಾರಸಿ ತೋಟ

ಸುಲಭ ಇದೆ. ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಮಾಡಿ ಸ್ಪ್ರೇ ಮಾಡಿ. ಇಲ್ಲವೇ ಮನೆಯಲ್ಲೇ ಮಾಡಿದ ಬಯೋ ಎನ್‌ಜೈಮ್ ಹಾಕಿ. ನಾನು ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಹಾಕಿ ಮೂರು ತಿಂಗಳು ಇಟ್ಟು ತಯಾರಿಸುತ್ತೇನೆ. ನಮ್ಮ ನಾಯಿ ಕಾರ್ಪೆಟ್ ಮೇಲೆ ಮೂತ್ರ ಮಾಡಿದಾಗ ವಿನೆಗರ್ ಹಾಕಿದೆ, ವಾಸನೆ ಒಂದೇ ದಿನಕ್ಕೆ ಹೋಯಿತು. ವಾಂತಿಯ ವಾಸನೆಗೂ ಅದೇ ಸಾಕು.

ಲ್ಯಾಬ್ ಮೇಷ್ಟ್ರು

ಮೂತ್ರಕ್ಕೆ ನಿಮ್ಮ ಮಾತು ಸರಿ ಅಕ್ಕ. ಹಳೇ ಮೂತ್ರದ ಘಾಟು ಅಮೋನಿಯದ್ದು, ವಿನೆಗರ್ ಅದನ್ನು ಹಿಡಿದು ಹಾಕುತ್ತದೆ. ಆದರೆ ಹಾಲು ಕುಡಿದು ಮಾಡಿದ ವಾಂತಿಯದ್ದು ಬೇರೆಯೇ ಕಥೆ. ಹಾಲಿನ ಕೊಬ್ಬು ಒಡೆದಾಗ ಬ್ಯುಟಿರಿಕ್ ಆಮ್ಲ ಹೊರಗೆ ಬರುತ್ತದೆ. ಹಳಸಿದ ಬೆಣ್ಣೆಯ ವಾಸನೆಗೂ ಅದೇ ಕಾರಣ. ನಿಮಗೆ ತುಪ್ಪದ ನೆನಪಾಗಿದ್ದು ಸುಮ್ನೆ ಅಲ್ಲ. ಅದು ನೀರಿಗಿಂತ ತುಂಬಾ ನಿಧಾನ ಆರುತ್ತದೆ. 160 ಡಿಗ್ರಿ ದಾಟಿದ ಮೇಲೆ ಕುದಿಯುವಂಥದ್ದು. ಹಾಗಾಗಿ ಸೀಟು ಒಣಗಿದ ಮೇಲೂ ಅದು ಒಳಗೇ ಉಳಿದು, ಕಾರು ಬಿಸಿಯಾದಾಗೆಲ್ಲ ಸ್ವಲ್ಪ ಸ್ವಲ್ಪ ಗಾಳಿಗೆ ಬರುತ್ತದೆ. ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಜಾಸ್ತಿ ಆಗುವುದು ಇದಕ್ಕೇ.

ಹುಳಿಗೆ ಹುಳಿ ಹಾಕಿದರೆ ಹುಳಿ ಸಾಯುವುದಿಲ್ಲ. ಇದಕ್ಕೆ ಅಡುಗೆ ಸೋಡಾ ಬೇಕು. ಸೋಡಾ ಸೇರಿದರೆ ಆ ಆಮ್ಲ ಉಪ್ಪಾಗುತ್ತದೆ, ಉಪ್ಪು ಗಾಳಿಗೆ ಹಾರುವುದಿಲ್ಲ. ಸೋಡಾ ಹಾಕಿದ ಮೇಲೆ ಅದೇ ಜಾಗಕ್ಕೆ ವಿನೆಗರ್ ಸುರಿದರೆ ಆ ಉಪ್ಪು ಮತ್ತೆ ಆಮ್ಲವಾಗುತ್ತದೆ. ಬುರುಬುರು ಅಂತ ನೊರೆ ಬರುವುದನ್ನು ನೋಡಿ ಜನ ಕೆಲಸ ಆಗುತ್ತಿದೆ ಅಂದುಕೊಳ್ಳುತ್ತಾರೆ, ಆಗುವುದು ಉಲ್ಟಾ.

ತಾರಸಿ ತೋಟ

ಇದು ನನಗೆ ಗೊತ್ತಿರಲಿಲ್ಲ ಸರ್. ನಾನು ಎರಡನ್ನೂ ಒಟ್ಟಿಗೇ ಹಾಕುತ್ತಿದ್ದೆ. ಆದರೆ ಬಯೋ ಎನ್‌ಜೈಮ್ ಕೆಲಸ ಮಾಡುತ್ತದೆ ಅಲ್ವಾ?

ಸೀಟು ಕೆಲಸದವನು

ಶಿವಮೊಗ್ಗದಲ್ಲಿ 14 ವರ್ಷದಿಂದ ಕಾರಿನ ಸೀಟು ಹೊಲಿಯುವುದು, ತೊಳೆಯುವುದು ನನ್ನ ಕೆಲಸ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಕಡೆಯಿಂದ ಇಂಥ ಗಾಡಿ ವಾರಕ್ಕೊಂದಾದರೂ ಬರುತ್ತದೆ.

ಮೊದಲು ಅಕ್ಕನಿಗೆ: ಸಿಪ್ಪೆಯ ದ್ರಾವಣ ನೆಲ ಒರೆಸಲು ಚೆನ್ನಾಗಿದೆ. ಸೀಟಿಗೆ ಬೇಡ. ಅದೂ ಹುಳಿಯೇ, ಜೊತೆಗೆ ಬೆಲ್ಲದ ಅಂಟು ಫೋಮಿನಲ್ಲಿ ಕೂರುತ್ತದೆ. ಎನ್‌ಜೈಮ್ ಕ್ಲೀನರ್ ಅಂತ ನಾವು ಹೇಳುವುದು ಸಾಕುಪ್ರಾಣಿ ಅಂಗಡಿಯಲ್ಲಿ ಕಲೆ ಮತ್ತು ವಾಸನೆ ತೆಗೆಯಲು ಮಾರುವ ಬಾಟಲಿಯನ್ನು. ಹಾಲಿನ ಕೊಬ್ಬು, ಪ್ರೋಟೀನ್ ಎರಡನ್ನೂ ತಿನ್ನುವಂಥದ್ದು ಬೇಕು. ಲೇಬಲ್ಲಿನಲ್ಲಿ ಬರೆದಿರುತ್ತದೆ.

ಈಗ ಕಾರಿನ ಅಣ್ಣನಿಗೆ ಮೂರು ಪ್ರಶ್ನೆ. ಸೀಟಿಗೆ ಹೊರಗಿನಿಂದ ಹಾಕಿಸಿದ ರೆಕ್ಸಿನ್ ಕವರ್ ಇದೆಯಾ? ಇದ್ದರೆ ವಾಶಿಂಗ್‌ನವರು ಅದನ್ನು ಬಿಚ್ಚಿದ್ದರಾ? ಸೀಟು ಎತ್ತಿ ಕೆಳಗೆ ನೋಡಿದ್ದರಾ?

ಇಬ್ಬರು ಮಕ್ಕಳ ಅಪ್ಪ

ಕವರ್ ಇದೆ. ಬಿಚ್ಚಿಲ್ಲ. ಸೀಟೂ ಎತ್ತಿಲ್ಲ. ರೆಕ್ಸಿನ್ ಅಲ್ವಾ, ನೀರು ಒಳಗೆ ಹೋಗಲ್ಲ ಅಂತ ನಾನೂ ಸುಮ್ಮನಾದೆ.

ಸೀಟು ಕೆಲಸದವನು

ಅಲ್ಲೇ ಇರುವುದು ವಿಷಯ. ರೆಕ್ಸಿನ್ ನೀರು ಬಿಡುವುದಿಲ್ಲ, ಹೊಲಿಗೆ ಬಿಡುತ್ತದೆ. ಪ್ರತಿ ಸೂಜಿಯ ತೂತೂ ಒಂದು ಬಾಗಿಲು. ಕುಳಿತ ಜಾಗ ತಗ್ಗಾಗಿರುತ್ತದೆ, ವಾಂತಿ ಅಲ್ಲೇ ನಿಂತು ಹೊಲಿಗೆಯಿಂದ ಇಳಿದು ಕಂಪನಿಯ ಬಟ್ಟೆ, ಅದರಡಿಯ ಫೋಮ್ ಸೇರುತ್ತದೆ. ಮೇಲೆ ರೆಕ್ಸಿನ್ ಇರುವುದರಿಂದ ಆರುವುದೂ ಇಲ್ಲ. ನೀವು ಘಾಟಿಯಲ್ಲಿ ಸುರಿದ ಬಾಟಲಿ ನೀರು ಅದನ್ನು ಇನ್ನೂ ಕೆಳಗೆ ತಳ್ಳಿದೆ. ತಪ್ಪಲ್ಲ, ಎಲ್ಲರೂ ಅದನ್ನೇ ಮಾಡುವುದು.

ಹೀಗೆ ಮಾಡಿ. ಬೆಳಿಗ್ಗೆ ಬೇಗ ಶುರು ಮಾಡಿ, ಎರಡು ದಿನ ಗಾಡಿ ಬೇಡ ಅನ್ನುವ ಹಾಗೆ ನೋಡಿಕೊಳ್ಳಿ. ಹಿಂದಿನ ಸೀಟಿನ ಕೂರುವ ಭಾಗ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಅಂಚಿನ ಎರಡು ಕಡೆ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಕ್ಲಿಪ್ ಇರುವ ಜಾಗದಲ್ಲೇ ಹಿಡಿದು ಮೇಲಕ್ಕೆ ಎತ್ತಿದರೆ ಟಕ್ ಅಂತ ಬಿಡುತ್ತದೆ. ಕೆಲವಕ್ಕೆ ಬೋಲ್ಟ್ ಇರುತ್ತದೆ. ಕಾರಿನ ಪುಸ್ತಕ ನೋಡಿ, ಬಲವಂತ ಮಾಡಬೇಡಿ. ಮುಂದಿನ ಸೀಟನ್ನು ಮಾತ್ರ ನೀವೇ ಬಿಚ್ಚಬೇಡಿ. ಅದರ ಕೆಳಗೆ ಹಳದಿ ಕನೆಕ್ಟರ್ ಇದ್ದರೆ ಏರ್‌ಬ್ಯಾಗಿಗೆ, ಬೆಲ್ಟಿಗೆ ಸಂಬಂಧಿಸಿದ್ದು. ಅದು ವರ್ಕ್‌ಶಾಪಿನವರ ಕೆಲಸ.

ಕವರ್ ತೆಗೆದ ಮೇಲೆ ಕಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ನೋಡಿ. ಕಣ್ಣಿಗೆ ಕಾಣದಿದ್ದರೆ ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಹಿಂಡಿ, ಒಂದೊಂದು ಜಾಗಕ್ಕೂ ಒಂದು ನಿಮಿಷ ಒತ್ತಿ ಹಿಡಿದು ಮೂಸಿ. ಜಾಗ ಸಿಕ್ಕೇ ಸಿಗುತ್ತದೆ.

ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ನೂಲಿಗೆ ಕಚ್ಚಿಕೊಳ್ಳುತ್ತದೆ. ತಣ್ಣೀರು ಚಿಮುಕಿಸಿ, ನೀರು ಎಳೆಯುವ ವ್ಯಾಕ್ಯೂಮಿನಲ್ಲಿ ಎಳೆಯಿರಿ. ಹೊರಗಿನಿಂದ ಒಳಗೆ ಬನ್ನಿ, ಉಜ್ಜಬೇಡಿ. ವ್ಯಾಕ್ಯೂಮ್ ಇಲ್ಲದಿದ್ದರೆ ದಪ್ಪ ಟವೆಲ್ ಹಾಕಿ ಮಂಡಿಯೂರಿ ಮೈಭಾರ ಬಿಟ್ಟು ಒತ್ತಿ.

ಆಮೇಲೆ ಎನ್‌ಜೈಮ್. ಇಲ್ಲಿ ಎಲ್ಲರೂ ಎಡವುತ್ತಾರೆ. ಮೇಲೆ ಎರಡು ಸಲ ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಒರೆಸಿಬಿಡುತ್ತಾರೆ. ವಾಂತಿ ಎಷ್ಟು ಆಳ ಹೋಗಿದೆಯೋ ಈ ನೀರೂ ಅಷ್ಟೇ ಆಳ ಹೋಗಬೇಕು. ಮಗು ಒಂದು ಲೋಟದಷ್ಟು ಕಾರಿದ್ದರೆ ನೀವೂ ಒಂದು ಲೋಟದಷ್ಟು ಹಾಕಬೇಕು. ಬೆರಳಲ್ಲಿ ಒತ್ತಿ ಒತ್ತಿ ಇಳಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಿ. ಒಣಗಿದರೆ ಅದರ ಕೆಲಸ ನಿಲ್ಲುತ್ತದೆ. ಮೊದಲೇ ಡೆಟಾಲ್, ಫಿನೈಲ್ ಏನಾದರೂ ಹಾಕಿದ್ದರೆ ಹೇಳಿ. ಅದು ಉಳಿದಿದ್ದರೆ ಎನ್‌ಜೈಮ್ ಬಾಟಲಿ ಹಾಕಿದ್ದೂ ವ್ಯರ್ಥ ಆಗಬಹುದು, ನೀರಲ್ಲಿ ಚೆನ್ನಾಗಿ ತೆಗೆದು ಹಾಕಬೇಕು.

ಮಾರನೇ ದಿನ ನೀರು ಹಾಕಿ ಎಳೆಯಿರಿ. ಎಳೆದ ನೀರು ತಿಳಿಯಾಗಿ, ಬೆರಳಿಗೆ ಜಾರು ಸಿಗದ ತನಕ. ಕೊನೆಗೆ ಮೇಷ್ಟ್ರು ಹೇಳಿದ ಸೋಡಾ, ಆದರೆ ಪುಡಿಯಾಗಿ ಅಲ್ಲ. ಪುಡಿ ಮೇಲೆಯೇ ಕೂರುತ್ತದೆ, ಬಕಲ್ ಸಂದಿಗೂ ಬೀಳುತ್ತದೆ. ಅರ್ಧ ಲೀಟರ್ ನೀರಿಗೆ ಎರಡು ಚಮಚ ಕರಗಿಸಿ ಫೋಮಿಗೆ ಇಳಿಸಿ, ಅರ್ಧ ಗಂಟೆ ಬಿಟ್ಟು ಎಳೆದುಬಿಡಿ. ಕಪ್ಪು ಬಟ್ಟೆಯಾದರೆ ಬಿಳಿ ಗುರುತು ಉಳಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಟ್ಯಾಕ್ಸಿ ಮೈಸೂರು

ನಮ್ಮ ಲೈನಲ್ಲಿ ಇಷ್ಟೆಲ್ಲ ಮಾಡಲು ಟೈಮ್ ಇರಲ್ಲ ಸಾರ್. ಒಂದು ದಿನ ಗಾಡಿ ನಿಂತರೆ ಬಾಡಿಗೆ ಹೋಯ್ತು. ನಾನು ಓಝೋನ್ ಮಾಡಿಸಿದೆ. ಕಾರೊಳಗೆ ಮಿಷನ್ ಇಟ್ಟು ಬಾಗಿಲು ಹಾಕಿ ಮುಕ್ಕಾಲು ಗಂಟೆ ಬಿಟ್ಟರು. ಆಮೇಲೆ ಎಲ್ಲ ಬಾಗಿಲು ತೆಗೆದು ಗಾಳಿಗೆ ಬಿಟ್ಟರು. ಪೂರ್ತಿ ಹೋಯಿತು.

ಸೀಟು ಕೆಲಸದವನು

ನಿಮ್ಮ ಗಾಡಿಯಲ್ಲಿ ವಾಂತಿ ಎಲ್ಲಿ ಬಿದ್ದಿತ್ತು?

ಟ್ಯಾಕ್ಸಿ ಮೈಸೂರು

ಬಾಗಿಲಿನ ಒಳಗಡೆ, ಪ್ಲಾಸ್ಟಿಕ್ ಮೇಲೆ. ಸ್ವಲ್ಪ ರಬ್ಬರ್ ಮ್ಯಾಟ್ ಮೇಲೆ.

ಸೀಟು ಕೆಲಸದವನು

ಅದಕ್ಕೇ ಹೋಗಿದೆ. ತೊಳೆದು ತೆಗೆದ ಮೇಲೆ ಗಾಳಿಯಲ್ಲಿ, ಮೇಲ್ಪದರದಲ್ಲಿ ಉಳಿದದ್ದಕ್ಕೆ ಓಝೋನ್ ಆಗುತ್ತದೆ. ಫೋಮಿನ ಒಳಗೆ ಎರಡು ಇಂಚು ಕೆಳಗೆ ಅದು ತಲುಪುವುದಿಲ್ಲ. ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಓಝೋನ್ ಮಾಡಿಸಿ ಎರಡು ವಾರದ ಮೇಲೆ ವಾಪಸ್ ವಾಸನೆ ಬಂದವು ಇವೆ. ಪದೇ ಪದೇ ಮಾಡಿಸಿದರೆ ರಬ್ಬರ್ ಬಿರಿಯುತ್ತದೆ. ಅದು ನಡೆಯುವಾಗ ಯಾರೂ ಒಳಗಿರಬಾರದು, ಉಸಿರಿಗೆ ಒಳ್ಳೆಯದಲ್ಲ.

ಟ್ಯಾಕ್ಸಿ ಮೈಸೂರು

ಇರಬಹುದು. ನನಗಂತೂ ಆರು ತಿಂಗಳಾದರೂ ವಾಪಸ್ ಬಂದಿಲ್ಲ. ಇನ್ನೊಂದು ಸಲ ಆದರೂ ಅದೇ ಮಾಡಿಸುತ್ತೇನೆ.

ಅತ್ತೆಯ ಹಾಸಿಗೆ

ನಡುವೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮತ್ತೆಗೆ ಹುಷಾರಿಲ್ಲ, ರಾತ್ರಿ ಹಾಸಿಗೆ ಮೇಲೆ ವಾಂತಿ ಆಗುತ್ತದೆ. ಆರು ಇಂಚಿನ ಫೋಮ್ ಹಾಸಿಗೆ. ಇದಕ್ಕೂ ಲೋಟಗಟ್ಟಲೆ ಹಾಕಬೇಕಾ? ಎತ್ತಿ ಹೊರಗಿಡಲು ನಾನೊಬ್ಬಳೇ ಇರುವುದು.

ಸೀಟು ಕೆಲಸದವನು

ಬೇಡಮ್ಮ, ಹಾಸಿಗೆಗೆ ಲೆಕ್ಕ ಬೇರೆ. ಕಾರಿನ ಸೀಟು ಮೂರು ನಾಲ್ಕು ಇಂಚು, ಬಿಚ್ಚಿ ಎರಡೂ ಕಡೆ ಗಾಳಿ ಆಡಿಸಬಹುದು. ಆರು ಇಂಚಿನ ಹಾಸಿಗೆ ನಡುವಿನ ತನಕ ನೆನೆದರೆ ಈ ಹವಾಮಾನದಲ್ಲಿ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಆಗಿನ ವಾಸನೆ ಇನ್ನೂ ಕಷ್ಟ. ಆದ ಕೂಡಲೇ ಹಳೇ ಎಟಿಎಂ ಕಾರ್ಡಿನಲ್ಲಿ ಗಟ್ಟಿ ಭಾಗ ಕೆರೆದು ತೆಗೆಯಿರಿ. ಟವೆಲ್ ಒತ್ತಿ ಹೀರಿಸಿ. ಎನ್‌ಜೈಮ್ ನೀರನ್ನು ಕಲೆಯ ಮೇಲೆ ಮಾತ್ರ ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ನಾಲ್ಕೈದು ಗಂಟೆ ಬಿಟ್ಟು ಮತ್ತೆ ಹೀರಿಸಿ. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಫ್ಯಾನ್ ಬಿಡಿ, ಮಲಗಿಸಿದರೆ ಕೆಳಗೆ ಆರುವುದಿಲ್ಲ. ಪಕ್ಕದ ಮನೆಯವರನ್ನು ಕರೆಯಿರಿ, ಒಬ್ಬರೇ ಎತ್ತಬೇಡಿ. ಹಾಸಿಗೆ ಒಣಗಿದ ಮೇಲೆ ಜಲನಿರೋಧಕ ಕವರ್ ಒಂದು ಹಾಕಿಬಿಡಿ. ಪದೇ ಪದೇ ಆಗುವ ಕಡೆ ಅದಕ್ಕಿಂತ ಒಳ್ಳೆಯದಿಲ್ಲ.

ಅತ್ತೆಯ ಹಾಸಿಗೆ

ಅವರದ್ದು ಮಾತ್ರ ಅಲ್ಲ, ಈಗ ಮನೆಯಲ್ಲಿ ಮಗಳಿಗೂ ಶುರುವಾಗಿದೆ. ಯಾವುದೋ ಹೊಟ್ಟೆ ಸೋಂಕು ಅಂದರು ಡಾಕ್ಟರ್.

ಲೀಡ್ಸ್ ಕನ್ನಡತಿ

ಹಾಗಾದರೆ ವಾಸನೆಗಿಂತ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಇಲ್ಲಿ ಚಳಿಗಾಲದಲ್ಲಿ ನೋರೋವೈರಸ್ ಅಂತ ಒಂದು ಬರುತ್ತದೆ, ನಮ್ಮ ಮಕ್ಕಳ ಶಾಲೆಯಿಂದ ಮನೆಗೂ ಬಂದಿತ್ತು. ಸ್ಯಾನಿಟೈಸರ್ ಅದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರಲ್ಲೇ ತೊಳೆಯಬೇಕು. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ನೆಲ, ಮಂಚದ ಚೌಕಟ್ಟಿಗೆ ಬ್ಲೀಚಿಂಗ್ ನೀರು ಆಗುತ್ತದೆ. ಹಾಸಿಗೆ, ಕಾರ್ಪೆಟ್‌ಗೆ ಬ್ಲೀಚ್ ಹಾಕಿದರೆ ಬಣ್ಣ ಹೋಗುತ್ತದೆ. ಅದಕ್ಕೆ ಹಬೆ. ಮೊದಲು ಪೂರ್ತಿ ಚೊಕ್ಕ ಮಾಡಿ, ಆಮೇಲೆ 70 ಡಿಗ್ರಿಯ ಬಿಸಿ ಐದು ನಿಮಿಷ ತಾಗುವ ಹಾಗೆ. ಗಲೀಜು ಇರುವಾಗಲೇ ಹಬೆ ಕೊಟ್ಟರೆ ಅವರು ಹೇಳಿದ ಹಾಗೆ ಪ್ರೋಟೀನ್ ಅಲ್ಲೇ ಬೇಯುತ್ತದೆ.

ನನ್ನ ಅನುಭವವನ್ನೂ ಹೇಳುತ್ತೇನೆ. ನಮ್ಮದು ಗೋಡೆಯಿಂದ ಗೋಡೆಗೆ ಕಾರ್ಪೆಟ್. ಮೇಲೆ ತೊಳೆದೆ, ಬಿಳಿಯಾಯಿತು. ಮಾರನೇ ದಿನ ಒಣಗುತ್ತಾ ಅದೇ ಕಂದು ಕಲೆ ವಾಪಸ್ ಬಂತು! ಕೆಳಗಿನ ಪ್ಯಾಡಿನಲ್ಲಿ ಉಳಿದದ್ದು, ನೀರು ಆರುವಾಗ ನೂಲಿನ ಮೂಲಕ ಮೇಲೆ ಏರುತ್ತದೆ. ಎರಡನೇ ಸಲ ತೊಳೆದು, ಒಣ ಟವೆಲ್ ಮಡಚಿ ಹಾಕಿ, ಮೇಲೆ ಹತ್ತು ಕಿಲೋ ಅಕ್ಕಿ ಚೀಲ ಇಟ್ಟೆ. ಕಲೆ ಟವೆಲ್ಲಿಗೆ ಹತ್ತಿತು. ಕಾರಿನ ಅಣ್ಣ, ನಿಮ್ಮ ಕಾರಿನ ಕಾರ್ಪೆಟ್ ಕೆಳಗೂ ದಪ್ಪ ಫೆಲ್ಟ್ ಇರುತ್ತದೆ, ನೋಡಿದಿರಾ?

ಇಬ್ಬರು ಮಕ್ಕಳ ಅಪ್ಪ

ಈಗ ಬರುತ್ತಿದ್ದೇನೆ, ನಾಲ್ಕು ದಿನದ ವರದಿ.

ಶನಿವಾರ ಬೆಳಿಗ್ಗೆ ಸೀಟು ಎತ್ತಿದೆ. ಎಡಗಡೆ ಕ್ಲಿಪ್ ಸುಲಭ, ಬಲಗಡೆ ಗಟ್ಟಿ ಇತ್ತು. ರೆಕ್ಸಿನ್ ಕವರ್ ಬಿಚ್ಚಿದಾಗ ಹೊಲಿಗೆಯ ಉದ್ದಕ್ಕೂ ಹಳದಿ ಗೆರೆ, ಅದರ ಕೆಳಗೆ ಬಟ್ಟೆಯ ಮೇಲೆ ಅಂಗೈ ಅಗಲದ ಕಲೆ. ಮೇಲಿನಿಂದ ಒಂದು ಚುಕ್ಕಿಯೂ ಕಾಣುತ್ತಿರಲಿಲ್ಲ. ಕವರಿನ ಒಳಮೈ ಹಿಡಿದು ಮೂಸಿದೆ, ಆ ವಾಸನೆಯ ಮೂಲವೇ ಅಲ್ಲಿತ್ತು. ಅಷ್ಟು ದುಡ್ಡು ಕೊಟ್ಟು ತೊಳೆಸಿದ್ದು ಕವರಿನ ಮೇಲ್ಮೈಯನ್ನು ಮಾತ್ರ.

ಕವರನ್ನು ಮನೆಯಲ್ಲೇ ತೊಳೆದೆ. ಫೋಮಿಗೆ ಸುಮಾರು 300 ಮಿಲಿ ಎನ್‌ಜೈಮ್ ಇಳಿಸಿ ಪ್ಲಾಸ್ಟಿಕ್ ಮುಚ್ಚಿ ರಾತ್ರಿ ಬಿಟ್ಟೆ. ಬಾಡಿಗೆಗೆ ವ್ಯಾಕ್ಯೂಮ್ ತಂದಿದ್ದೆ. ಮೊದಲ ಸಲ ಎಳೆದ ನೀರು ತೆಳು ಮಜ್ಜಿಗೆಯಂತೆ ಬಂತು, ನಾಲ್ಕನೇ ಸಲಕ್ಕೆ ತಿಳಿ. ಕೊನೆಗೆ ಸೋಡಾ ನೀರು. ಸೀಟನ್ನು ತಾರಸಿಯ ಶೀಟಿನಡಿ ನಿಲ್ಲಿಸಿ ಟೇಬಲ್ ಫ್ಯಾನ್ ಹಾಕಿದೆ. ಒತ್ತಿ ನೋಡಿದರೆ ತಣ್ಣಗಿಲ್ಲ ಅನ್ನಿಸಲು ಸೋಮವಾರ ಆಯಿತು.

ಸೀಟು ವಾಪಸ್ ಕೂರಿಸಿ, ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಗಾಜು ಹಾಕಿ ಬಿಸಿಲಲ್ಲಿ ಬಿಟ್ಟೆ. ನನ್ನ ಮೂಗು ಅಭ್ಯಾಸ ಆಗಿಬಿಟ್ಟಿದೆ, ಹಾಗಾಗಿ ಹೆಂಡತಿಯನ್ನು ಕರೆದೆ. ಬಾಗಿಲು ತೆಗೆದ ಕೂಡಲೇ ತುಂಬಾ ಕಡಿಮೆ ಆಗಿದೆ ಅಂದಳು, ಆದರೆ ಪೂರ್ತಿ ಇಲ್ಲ. ಬಗ್ಗಿ ಬಗ್ಗಿ ಮೂಸಿ ಬೆಲ್ಟಿನ ಬಕಲ್ ತೋರಿಸಿದಳು. ಟಾರ್ಚ್ ಹಾಕಿ ನೋಡಿದರೆ ನಾಲಗೆ ಹೋಗುವ ಸಂದಿಯಲ್ಲಿ ಒಣಗಿದ ಮೊಸರಿನಂತೆ ಕಟ್ಟಿಕೊಂಡಿದೆ. ಲೀಡ್ಸ್ ಅಕ್ಕ ಹೇಳಿದ ಹಾಗೆ ಕಾರ್ಪೆಟ್ ಮೂಲೆ ಎತ್ತಿದೆ, ಫೆಲ್ಟ್ ಒಂದು ಮೂಲೆಯಲ್ಲಿ ಇನ್ನೂ ಒದ್ದೆ! ಹದಿನೈದು ದಿನದ ಮೇಲೂ.

ಬಕಲ್‌ಗೆ ಏನು ಮಾಡಲಿ? ಎಣ್ಣೆ ಬಿಡಲಾ?

ಸೀಟು ಕೆಲಸದವನು

ಎಣ್ಣೆ ಬೇಡವೇ ಬೇಡ. ಧೂಳು ಹಿಡಿದು ಇನ್ನೂ ಕಚ್ಚುತ್ತದೆ. ಬಕಲ್ಲಿಗೆ ವೈರ್ ಇದೆಯಾ ನೋಡಿ. ಈಗಿನ ಬಹಳ ಕಾರುಗಳಲ್ಲಿ ಹಿಂದಿನ ಬೆಲ್ಟಿಗೂ ಸೆನ್ಸರ್ ಇರುತ್ತದೆ, ವೈರ್ ಇದ್ದರೆ ನೀರು ಸುರಿಯದೆ ವರ್ಕ್‌ಶಾಪಿನಲ್ಲಿ ತೋರಿಸಿ. ವೈರ್ ಇಲ್ಲದಿದ್ದರೆ ಬಾಯಿ ಕೆಳಗೆ ಮಾಡಿ, ಕೆಳಗೆ ಬೋಗುಣಿ ಹಿಡಿದು, ಉಗುರು ಬೆಚ್ಚಗಿನ ನೀರು ಹಾಯಿಸಿ. ನಡುನಡುವೆ ಕೆಂಪು ಗುಂಡಿ ಒತ್ತಿ ಬಿಡಿ. ಒಣಗಿದ ಮೇಲೆ ಇಪ್ಪತ್ತು ಸಲ ಹಾಕಿ ತೆಗೆದು ನೋಡಿ. ಪ್ರತಿ ಸಲ ಟಕ್ ಅನ್ನಬೇಕು, ಎಳೆದರೆ ಬಿಡಬಾರದು. ಒಂದು ಸಲ ತಪ್ಪಿದರೂ ಬದಲಾಯಿಸಿ, ಅದರಲ್ಲಿ ಮಗು ಕೂರುವುದು.

ಬೆಲ್ಟ್ ಪಟ್ಟಿಯನ್ನು ಪೂರ್ತಿ ಎಳೆದು, ವಾಪಸ್ ಹೋಗದ ಹಾಗೆ ಮೇಲೆ ಬಟ್ಟೆ ಕ್ಲಿಪ್ ಹಾಕಿ. ಸಾದಾ ಸೋಪು ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಡಿ. ಬ್ಲೀಚ್ ತಾಗಿಸಬೇಡಿ, ನೂಲು ಸೋಲುತ್ತದೆ.

ಫೆಲ್ಟಿಗೂ ಅದೇ ಎನ್‌ಜೈಮ್, ಅದೇ ಎಳೆಯುವುದು. ಕಾರ್ಪೆಟ್ ಕೆಳಗೆ ಒಂದು ಇಟ್ಟಿಗೆ ಕೊಟ್ಟು ಎತ್ತಿ ಇಟ್ಟು ಗಾಳಿ ಆಡಲು ಬಿಡಿ. ಅದು ಒಣಗಲು ತುಂಬಾ ತಡ ಆಗುತ್ತದೆ.

ಲ್ಯಾಬ್ ಮೇಷ್ಟ್ರು

ಎಸಿಯನ್ನು ಇಷ್ಟು ದಿನ ಒಳಗಿನ ಗಾಳಿಯೇ ತಿರುಗುವ ಹಾಗೆ ಓಡಿಸಿದ್ದೀರಾ? ಹಾಗಿದ್ದರೆ ಕ್ಯಾಬಿನ್ ಫಿಲ್ಟರ್ ಒಮ್ಮೆ ತೆಗೆದು ಮೂಸಿ.

ಇಬ್ಬರು ಮಕ್ಕಳ ಅಪ್ಪ

ಬಕಲ್‌ಗೆ ವೈರ್ ಇರಲಿಲ್ಲ, ತೊಳೆದೆ. ಇಪ್ಪತ್ತಲ್ಲ, ಮೂವತ್ತು ಸಲ ಹಾಕಿ ನೋಡಿದೆ, ಸರಿ ಇದೆ. ಫೆಲ್ಟ್ ಒಣಗಲು ಮೂರು ದಿನ ಹಿಡಿಯಿತು. ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದೆ ಫಿಲ್ಟರ್ ಇತ್ತು, ತುಂಬಾ ಕಪ್ಪಾಗಿತ್ತು, ಬದಲಾಯಿಸಿದೆ. ಆದರೆ ವಾಸನೆ ಅದರಲ್ಲಿ ಇತ್ತೋ ಇಲ್ಲವೋ ಹೇಳಲಾರೆ, ಎಲ್ಲ ಒಟ್ಟಿಗೇ ಮಾಡಿದ್ದರಿಂದ ಗೊತ್ತಾಗಲಿಲ್ಲ.

ನಿನ್ನೆ ಮತ್ತೆ ಬಿಸಿಲಲ್ಲಿ ನಿಲ್ಲಿಸಿ ನೋಡಿದೆವು. ಹೆಂಡತಿಗೆ ಏನೂ ಸಿಗಲಿಲ್ಲ. ಮಗ ಮಾತ್ರ ಆ ಎಡಗಡೆ ಸೀಟು ಬೇಡ ಅಂತ ಬಲಗಡೆ ಕೂತ. ಆದರೆ ಮೂಗು ಮುಚ್ಚಿಕೊಳ್ಳಲಿಲ್ಲ.

ಒಂದು ಉಳಿದಿದೆ. ಬೆಲ್ಟ್ ಪಟ್ಟಿ ಕೈಗೆ ಸ್ವಲ್ಪ ಗಡಸು ಅನ್ನಿಸುತ್ತದೆ, ವಾಪಸ್ ಸುತ್ತಿಕೊಳ್ಳುವುದೂ ನಿಧಾನ.

ಸೀಟು ಕೆಲಸದವನು

ಸೋಪು ಉಳಿದಿದೆ. ಬರೀ ನೀರಲ್ಲಿ ಬಟ್ಟೆ ಅದ್ದಿ ನಾಲ್ಕೈದು ಸಲ ಒರೆಸಿ, ಪ್ರತಿ ಸಲ ಬಟ್ಟೆ ಹಿಂಡಿ. ಮೇಲೆ ಪಟ್ಟಿ ಹಾದುಹೋಗುವ ಪ್ಲಾಸ್ಟಿಕ್ ಬಳೆಯನ್ನೂ ಒರೆಸಿ, ಅಲ್ಲೂ ಜಿಡ್ಡು ಕೂತಿರುತ್ತದೆ. ಒಣಗಿದ ಮೇಲೂ ನಿಧಾನ ಅನ್ನಿಸಿದರೆ ಗಾಡಿ ತನ್ನಿ ಅಥವಾ ನಿಮ್ಮ ಹತ್ತಿರದ ವರ್ಕ್‌ಶಾಪಿನಲ್ಲಿ ತೋರಿಸಿ. ಅದನ್ನು ನೀವೇ ಬಿಚ್ಚಬೇಡಿ.

ಅತ್ತೆಯ ಹಾಸಿಗೆ

ಜಲನಿರೋಧಕ ಕವರ್ ತಂದೆ. ಅತ್ತೆಗೆ ಬೆನ್ನು ಬೆವರುತ್ತದೆ ಅನ್ನುತ್ತಾರೆ. ಮೇಲೆ ಹತ್ತಿಯ ದುಪ್ಪಟಿ ಎರಡು ಮಡಿಕೆ ಹಾಕಿದ್ದೇನೆ. ಬೇರೆ ಯಾರಾದರೂ ಏನಾದರೂ ಮಾಡಿದ್ದರೆ ಹೇಳಿ.